302ರ ಬಾತ್‌ರೂಮ್ ಸೋರಿಕೆ: ಒಂದು ಖಾಸಗಿ ಮೇಲ್ ಯಾರ ಯಾರ ಕೈಗೆ ಹೋಯಿತು

ನಮ್ಮದು ಬೆಂಗಳೂರಿನ 48 ಮನೆಗಳ ಒಂದು ಅಪಾರ್ಟ್‌ಮೆಂಟ್. ಎರಡು ವರ್ಷ ಸಂಘದ ಕಾರ್ಯದರ್ಶಿ ಆಗಿದ್ದೆ. ಸಂಘಕ್ಕೆ ಸ್ವಂತ ಡೊಮೈನ್ ಇದೆ, ಅದರದ್ದೇ ಮೇಲ್ ವಿಳಾಸ ಇದೆ. ಅದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಮ್‌ನಿಂದ ನೋಡುತ್ತಿದ್ದೆ. ಆ ಅವಧಿಯಲ್ಲಿ ನನ್ನ ಕೈಯಿಂದ ಆದ ಒಂದು ತಪ್ಪನ್ನು ಇಲ್ಲಿ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ. ಫಾರ್ವರ್ಡ್ ಮಾಡುವುದಕ್ಕೂ ರೀಡೈರೆಕ್ಟ್ ಮಾಡುವುದಕ್ಕೂ ಏನು ವ್ಯತ್ಯಾಸ ಅಂತ ಆಗ ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಬಟನ್ ಏನು ಮಾಡುತ್ತದೆ ಅನ್ನುವುದು ಗೊತ್ತಿತ್ತು, ಅಷ್ಟೇ. ಮೇಲ್ ತೆರೆದವರಿಗೆ ಏನು ಕಾಣುತ್ತದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಮೊದಲ ಮೇಲ್

202ರ ಬಾತ್‌ರೂಮ್ ಸೀಲಿಂಗ್‌ನಲ್ಲಿ ನೀರು ಜಿನುಗುತ್ತಿತ್ತು. ಮೇಲಿನ 302ರ ಬಾತ್‌ರೂಮ್ ನೆಲ ಒಡೆದು ವಾಟರ್‌ಪ್ರೂಫಿಂಗ್ ಮಾಡಬೇಕಿತ್ತು. ಟೈಲ್ ತೆಗೆಯಬೇಕು, ಕೋಟಿಂಗ್ ಹಾಕಬೇಕು, ಅದು ಒಣಗಿದ ಮೇಲೆ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ಸೋರುತ್ತದಾ ಅಂತ ನೋಡಬೇಕು. ಹೇಗೆ ಲೆಕ್ಕ ಹಾಕಿದರೂ ನಾಲ್ಕೈದು ದಿನ ಆ ಬಾತ್‌ರೂಮ್ ಬಂದ್. ಯಾವಾಗ ಕೆಲಸ ಶುರು ಮಾಡಬಹುದು ಅಂತ ಕೇಳಿ 302ರ ಮೇಡಂಗೆ ಬರೆದೆ.

ಸೋಮವಾರ ರಾತ್ರಿ ಅವರ ಉತ್ತರ ಬಂತು. ನನಗೆ ಬರೆದದ್ದು, ಸಿಸಿಯಲ್ಲಿ ಕೆನಡಾದಲ್ಲಿರುವ ಅವರ ಅಣ್ಣ. ಮೂರು ಪ್ಯಾರಾ ಇತ್ತು. ಮೊದಲನೆಯದು ಸೋರಿಕೆಯ ವಿಷಯ: ಎಲ್ಲಿ ನೀರು ನಿಲ್ಲುತ್ತದೆ, ಯಾವ ಟ್ರ್ಯಾಪ್ ಹತ್ತಿರ ಟೈಲ್ ಎದ್ದಿದೆ. ಎರಡನೆಯದು ಅಪ್ಪನ ವಿಷಯ: ಸ್ಟ್ರೋಕ್ ಆಗಿ ಎಡಭಾಗ ಬಿದ್ದಿದೆ, ಹಿಡಿದುಕೊಳ್ಳುವ ಕಂಬಿ ಇರುವುದು ಆ ಒಂದು ಬಾತ್‌ರೂಮ್‌ನಲ್ಲಿ ಮಾತ್ರ, ಹಾಗಾಗಿ ಅದನ್ನು ಐದು ದಿನ ಮುಚ್ಚುವುದು ಕಷ್ಟ. ಮೂರನೆಯದು ದುಡ್ಡಿನ ವಿಷಯ: ಆಸ್ಪತ್ರೆ ಖರ್ಚಿನಿಂದ ಮೇಂಟೆನೆನ್ಸ್ ಎರಡು ಕಂತು ಬಾಕಿ ಇದೆ, ದಯವಿಟ್ಟು ನೋಟಿಸ್ ಬೋರ್ಡ್‌ನ ಬಾಕಿದಾರರ ಪಟ್ಟಿಯಲ್ಲಿ ಹೆಸರು ಹಾಕಬೇಡಿ. ಜೊತೆಗೆ ಎರಡು ಫೋಟೋ ಮತ್ತು ಅಪ್ಪನ ಡಿಸ್ಚಾರ್ಜ್ ಸಮ್ಮರಿಯ ಪಿಡಿಎಫ್. ಸುಮ್ನೆ ನೆಪ ಹೇಳುತ್ತಿದ್ದಾರೆ ಅಂತ ನಾನು ಅಂದುಕೊಳ್ಳಬಾರದು ಅಂತ ಅದನ್ನು ಹಾಕಿದ್ದರು.

ಈ ಮೂರು ಪ್ಯಾರಾಗಳನ್ನು ನೋಡಿ. ಮೊದಲನೆಯದು ಕಂಟ್ರಾಕ್ಟರ್‌ಗೆ ಬೇಕು. ಎರಡನೆಯದರಲ್ಲಿ ಅವರಿಗೆ ಬೇಕಾದದ್ದು ಒಂದೇ ಮಾತು, ಬಾತ್‌ರೂಮ್ ಜಾಸ್ತಿ ದಿನ ಮುಚ್ಚುವ ಹಾಗಿಲ್ಲ ಅನ್ನುವುದು. ಮೂರನೆಯದು ನನಗೆ ಮತ್ತು ಖಜಾಂಚಿಗೆ ಬಿಟ್ಟು ಯಾರಿಗೂ ಬೇಡ. ನಾವು ಬರೆಯುವ ಮೇಲ್‌ಗಳೆಲ್ಲ ಹೀಗೇ ಇರುತ್ತವೆ ಅಲ್ವಾ? ನಂಬಿಕೆ ಇರುವವರಿಗೆ ಬರೆಯುವಾಗ ವಿಷಯಗಳನ್ನು ಬೇರೆ ಬೇರೆ ಮಾಡಿ ಬರೆಯುವುದಿಲ್ಲ. ಮೇಲ್ ಪ್ರೋಗ್ರಾಮ್‌ಗೆ ಮಾತ್ರ ಅದು ಇಡಿಯಾಗಿ ಒಂದೇ ಗಂಟು.

ಮಂಗಳವಾರ: ಫಾರ್ವರ್ಡ್

ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಫಾರ್ವರ್ಡ್ ಒತ್ತಿದೆ. ಮೇಲೆ ಒಂದು ಸಾಲು: "ಕೆಳಗಿನ ಮೇಲ್ ನೋಡಿ, ಬೇಗ ಮಾಡಿಕೊಡಿ." ಕಂಟ್ರಾಕ್ಟರ್ ವಿಳಾಸ ಹಾಕಿ ಕಳಿಸಿದೆ.

ಫಾರ್ವರ್ಡ್ ಅಂದರೆ ಅದು ನಾನು ಬರೆದ ಹೊಸ ಮೇಲ್. ಕಳಿಸಿದವರ ಜಾಗದಲ್ಲಿ ನನ್ನ ವಿಳಾಸ ಇರುತ್ತದೆ. ಹಳೆಯ ಮೇಲ್ ಅದರ ಹೊಟ್ಟೆಯಲ್ಲಿ ಉದ್ಧರಣೆಯಾಗಿ ಕೂತಿರುತ್ತದೆ. ಕಂಟ್ರಾಕ್ಟರ್ ಫೋನಿಗೆ ಹೋದದ್ದು ಹೀಗಿತ್ತು (ವಿಳಾಸಗಳನ್ನು ಬದಲಿಸಿದ್ದೇನೆ):

```
From: sangha@example.org
To: contractor@example.com
Subject: Fwd: 302 bathroom leak
```

ಇದರಲ್ಲಿ ಒಂದು ಒಳ್ಳೆಯದಿದೆ. ಇದನ್ನು ಕಳಿಸಿದ್ದು ಸಂಘ, ಮೇಡಂ ಅಲ್ಲ ಅನ್ನುವುದು ನೋಡಿದ ತಕ್ಷಣ ತಿಳಿಯುತ್ತದೆ. ಉತ್ತರ ಬರೆದರೆ ನನಗೇ ಬರುತ್ತದೆ.

ಆದರೆ ಉದ್ಧರಣೆಯಲ್ಲಿ ಏನೇನು ಹೋಯಿತು ಅನ್ನುವುದನ್ನು ನಾನು ಸ್ಕ್ರಾಲ್ ಮಾಡಿ ನೋಡಲಿಲ್ಲ. ಮೂರೂ ಪ್ಯಾರಾ ಹೋಗಿದ್ದವು. ಅದರ ಕೆಳಗೆ ಎರಡು ತಿಂಗಳ ಹಿಂದೆ ನಾನೇ ಅವರಿಗೆ ಬರೆದಿದ್ದ ಬಾಕಿ ನೆನಪೋಲೆ ಇತ್ತು, ಯಾಕೆಂದರೆ ಮೇಡಂ ಅದೇ ಹಳೆಯ ಮೇಲ್‌ಗೆ ಉತ್ತರವಾಗಿ ಬರೆದಿದ್ದರು. ಅಣ್ಣನ ವಿಳಾಸ ಇತ್ತು. ಮತ್ತೆ ಪಿಡಿಎಫ್. ಇಲ್ಲಿ ಬಹಳ ಜನ ಎಡವುತ್ತಾರೆ. ನಾವು ಯಾರಿಗಾದರೂ ರಿಪ್ಲೈ ಮಾಡಿದರೆ ಅವರ ಅಟ್ಯಾಚ್‌ಮೆಂಟ್ ಮತ್ತೆ ಹೋಗುವುದಿಲ್ಲ. ಫಾರ್ವರ್ಡ್ ಮಾಡಿದರೆ ಕೇಳದೆಯೇ ಹೋಗುತ್ತದೆ. ರಿಪ್ಲೈ ಮಾಡಿ ಮಾಡಿ ರೂಢಿಯಾದ ಕೈಗೆ ಈ ವ್ಯತ್ಯಾಸ ನೆನಪಿರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ರೋಗಿಯ ಹೆಸರು, ವಯಸ್ಸು, ಮನೆ ವಿಳಾಸ, ಫೋನ್ ನಂಬರ್, ಆಸ್ಪತ್ರೆಯ ನೋಂದಣಿ ಸಂಖ್ಯೆ, ಕಾಯಿಲೆ, ಮಾತ್ರೆಗಳು, ಎಲ್ಲ ಒಂದೇ ಹಾಳೆಯಲ್ಲಿತ್ತು.

ಕಂಟ್ರಾಕ್ಟರ್ ಕೆಟ್ಟ ಮನುಷ್ಯರಲ್ಲ. ಅವರು ಮಾಡಿದ್ದು ಅವರ ದಿನನಿತ್ಯದ ಕೆಲಸ. ಮೇಲ್‌ನಲ್ಲಿ ಬಂದ ಮೂರೂ ಫೈಲ್‌ಗಳನ್ನು ಕೆಲಸದ ಹುಡುಗರ ವಾಟ್ಸಾಪ್ ಗುಂಪಿಗೆ ಹಾಕಿದರು. ಫೋಟೋ ಯಾವುದು, ಆಸ್ಪತ್ರೆ ಕಾಗದ ಯಾವುದು ಅಂತ ತೆರೆದು ನೋಡಲು ಅವರಿಗೂ ಪುರುಸೊತ್ತಿರಲಿಲ್ಲ.

ಗುರುವಾರ: ರೀಡೈರೆಕ್ಟ್

ಮಂಗಳವಾರದಿಂದ ಬುಧವಾರ ರಾತ್ರಿವರೆಗೆ ಆರು ಮೇಲ್ ಓಡಾಡಿದವು. ಕಂಟ್ರಾಕ್ಟರ್ ನನ್ನನ್ನು ಕೇಳುವುದು, ನಾನು ಮೇಡಂನ ಕೇಳುವುದು, ಅವರು ಹೇಳಿದ್ದನ್ನು ನಾನು ಮತ್ತೆ ಕಂಟ್ರಾಕ್ಟರ್‌ಗೆ ಹೇಳುವುದು. ನನ್ನ ಕೆಲಸ ಅಂಚೆಯವನದ್ದಾಯಿತು. ಗುರುವಾರ ಬೆಳಿಗ್ಗೆ ಮೇಡಂ ಬರೆದರು: ಬೆಳಿಗ್ಗೆ 6ರಿಂದ 9 ನರ್ಸ್ ಬರುತ್ತಾರೆ, ಆ ಹೊತ್ತಿನಲ್ಲಿ ಒಡೆಯುವ ಕೆಲಸ ಬೇಡ, ಮತ್ತೆ ಅಪ್ಪನ ವಿಷಯ ದಯವಿಟ್ಟು 202ರವರಿಗೆ ಹೇಳಬೇಡಿ. ಈ ಸಲವೂ ಸಿಸಿಯಲ್ಲಿ ಅಣ್ಣ.

ಇವರಿಬ್ಬರೂ ನೇರವಾಗಿ ಮಾತಾಡಿಕೊಂಡರೆ ಒಳ್ಳೆಯದು ಅನ್ನಿಸಿತು. ಥಂಡರ್‌ಬರ್ಡ್‌ಗೆ ನಾನು ಸೇರಿಸಿಕೊಂಡಿದ್ದ Mail Redirect ಅನ್ನುವ ಆ್ಯಡ್‌ಆನ್‌ನಲ್ಲಿ `Redirect` ಅಂತ ಒಂದಿತ್ತು. ಹಿಂದೊಮ್ಮೆ ಬಳಸಿದ್ದೆ. ಅದರಿಂದ ಕಳಿಸಿದರೆ ಉತ್ತರ ನೇರವಾಗಿ ಮೂಲ ಬರೆದವರಿಗೇ ಹೋಗುತ್ತದೆ. ಒತ್ತಿದೆ, ಕಂಟ್ರಾಕ್ಟರ್ ವಿಳಾಸ ಹಾಕಿದೆ, ಕಳಿಸಿದೆ.

ರೀಡೈರೆಕ್ಟ್ ಅಂದರೆ ಹೊಸ ಮೇಲ್ ಅಲ್ಲ. ಅದೇ ಮೇಲ್ ಮತ್ತೆ ಅಂಚೆಗೆ ಬೀಳುತ್ತದೆ. ತಪ್ಪು ಮನೆಗೆ ಬಂದ ಲಕೋಟೆಯನ್ನು ಒಡೆಯದೆ, ಮೂಲೆಯಲ್ಲಿ ಸರಿಯಾದ ವಿಳಾಸ ಬರೆದು ಡಬ್ಬಕ್ಕೆ ಹಾಕುತ್ತೇವಲ್ಲ, ಹಾಗೆ. ಬರೆದವರ ಹೆಸರು, ದಿನಾಂಕ, ಯಾರಿಗೆ ಬರೆದಿದ್ದು, ಸಿಸಿ ಯಾರು, ಒಂದೂ ಬದಲಾಗುವುದಿಲ್ಲ. ನಾನು ಕೈ ಹಾಕಿದ್ದೇನೆ ಅನ್ನುವುದಕ್ಕೆ ಮೇಲುಗಡೆ ಕೆಲವು ಹೊಸ ಸಾಲುಗಳು ಸೇರುತ್ತವೆ:

```
Resent-From: sangha@example.org
Resent-To: contractor@example.com
From: madam302@example.net
To: sangha@example.org
Cc: anna@example.net
Subject: Re: 302 bathroom leak
```

ಇಂಟರ್‌ನೆಟ್ ಮೇಲ್ ಹೇಗಿರಬೇಕು ಅಂತ ಹೇಳುವ ದಾಖಲೆ ಆರ್‌ಎಫ್‌ಸಿ 5322. 2008ರದ್ದು. `Resent-` ಅಂತ ಶುರುವಾಗುವ ಈ ಸಾಲುಗಳ ಉದ್ದೇಶವನ್ನು ಅದು ವಿವರಿಸುತ್ತದೆ. ಅವು ಮಾಹಿತಿಗಾಗಿ ಮಾತ್ರ. ಉತ್ತರ ಯಾರಿಗೆ ಹೋಗಬೇಕು ಅನ್ನುವುದನ್ನು ಅವು ತೀರ್ಮಾನಿಸುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಫೋನಿನ ಮೇಲ್ ಆ್ಯಪ್‌ಗಳು ಸಾಮಾನ್ಯವಾಗಿ ಈ ಸಾಲುಗಳನ್ನು ತೋರಿಸುವುದೇ ಇಲ್ಲ. ನೋಡಬೇಕು ಅಂದರೆ ಜಿಮೇಲ್‌ನಲ್ಲಿ `Show original`, ಥಂಡರ್‌ಬರ್ಡ್‌ನಲ್ಲಿ Ctrl+U. ಯಾವ ಕಂಟ್ರಾಕ್ಟರ್ ಹಾಗೆ ತೆರೆದು ನೋಡುತ್ತಾರೆ ಹೇಳಿ.

ಹಾಗಾಗಿ ಅವರ ಫೋನಿನಲ್ಲಿ ಕಂಡದ್ದು ಇಷ್ಟು: 302ರ ಮೇಡಂ ತಮಗೆ ಒಂದು ಮೇಲ್ ಬರೆದಿದ್ದಾರೆ. ನನ್ನ ಹೆಸರು ಬರೀ ಸ್ವೀಕರಿಸಿದವರ ಸಾಲಿನಲ್ಲಿ. ನಾನು ಒಂದು ಮಾತೂ ಸೇರಿಸಿರಲಿಲ್ಲ. ರೀಡೈರೆಕ್ಟ್‌ನಲ್ಲಿ ಸೇರಿಸಲು ಜಾಗವೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಳಿಸುವುದೇ ಅದರ ಕೆಲಸ.

ಮೇಡಂ ತಾವಾಗಿಯೇ ಅಪ್ಪನ ಕಷ್ಟ ಹೇಳಿಕೊಂಡಿದ್ದಾರೆ ಅಂದುಕೊಂಡು ಅವರು ಪ್ರೀತಿಯಿಂದಲೇ ಉತ್ತರ ಬರೆದರು. "ಮೇಡಂ, ರಿಪೋರ್ಟ್ ನೋಡಿದೆ, ನಮ್ಮ ಮಾವನಿಗೂ ಹೀಗೇ ಆಗಿತ್ತು, ಚಿಂತೆ ಮಾಡಬೇಡಿ, 9ರ ಮೇಲೆ ಬರ್ತೀವಿ." ರಿಪ್ಲೈ ಆಲ್ ಒತ್ತಿದ್ದರು. ಅದು ಮೇಡಂಗೆ, ನನಗೆ, ಕೆನಡಾದ ಅಣ್ಣನಿಗೆ ಹೋಯಿತು. ನನ್ನ ಫಾರ್ವರ್ಡ್‌ಗೆ ರಿಪ್ಲೈ ಆಲ್ ಒತ್ತಿದ್ದರೆ ನನ್ನೊಬ್ಬನಿಗೆ ಬರುತ್ತಿತ್ತು, ಯಾಕೆಂದರೆ ಆ ಮೇಲ್‌ನಲ್ಲಿ ಇದ್ದವರು ನಾವಿಬ್ಬರೇ. ರೀಡೈರೆಕ್ಟ್‌ನಲ್ಲಿ ಮೂಲದ ಸಿಸಿ ಹಾಗೇ ಜೀವಂತವಾಗಿರುತ್ತದೆ.

ರಾತ್ರಿ ಒಂಬತ್ತೂವರೆಗೆ ಮೇಡಂ ಫೋನ್ ಮಾಡಿದರು. ಕೂಗಾಡಲಿಲ್ಲ. "ಸರ್, ನಾನು ಅವರಿಗೆ ಬರೆದೇ ಇಲ್ಲ. ನನ್ನ ಮೇಲ್ ಯಾರಾದರೂ ಹ್ಯಾಕ್ ಮಾಡಿದ್ದಾರಾ?" ಅಂತ ಕೇಳಿದರು. ಅವರ ಸೆಂಟ್ ಫೋಲ್ಡರ್‌ನಲ್ಲಿ ಕಂಟ್ರಾಕ್ಟರ್ ವಿಳಾಸಕ್ಕೆ ಹೋದ ಮೇಲ್ ಇಲ್ಲ. ಆದರೂ ಅಪರಿಚಿತರೊಬ್ಬರು ಅವರ ಮಾತಿಗೇ ಉತ್ತರ ಬರೆದಿದ್ದಾರೆ. ಪಾಸ್‌ವರ್ಡ್ ಬದಲಿಸಿ ಆಗಿತ್ತಂತೆ. ಅದು ನಾನೇ ಮಾಡಿದ್ದು ಅಂತ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತೇ ಇರಲಿಲ್ಲ. ಆಮೇಲೆ ಕೇಳಿದರು, "ಹಾಗಾದರೆ ಯಾವ ರಿಪೋರ್ಟ್ ನೋಡಿದ್ದು ಅವರು?" ಮಂಗಳವಾರದ ಫಾರ್ವರ್ಡ್ ವಿಷಯ ಅವರಿಗೆ ತಿಳಿದದ್ದು ಆಗಲೇ. ತೆಗೆದು ನೋಡಿದಾಗ ನನಗೂ ಪಿಡಿಎಫ್ ಹೋದದ್ದು ಆಗಲೇ ಗೊತ್ತಾಯಿತು.

ಎರಡರಲ್ಲಿ ಯಾವುದು ಕೆಟ್ಟದ್ದು

ಆಮೇಲೆ ಇದನ್ನು ಬಹಳ ಸಲ ಯೋಚಿಸಿದ್ದೇನೆ. ಜಾಸ್ತಿ ಖಾಸಗಿ ವಿಷಯ ಸೋರಿದ್ದು ಫಾರ್ವರ್ಡ್‌ನಿಂದ. ಆದರೆ ಜಾಸ್ತಿ ನೋವು ಕೊಟ್ಟದ್ದು ರೀಡೈರೆಕ್ಟ್. ಫಾರ್ವರ್ಡ್‌ನಲ್ಲಿ ನಾನು ಅವರ ಮಾತನ್ನು ಇನ್ನೊಬ್ಬರಿಗೆ ತೋರಿಸಿದೆ. ರೀಡೈರೆಕ್ಟ್‌ನಲ್ಲಿ ಅವರೇ ಆ ಇನ್ನೊಬ್ಬರಿಗೆ ಹೇಳಿಕೊಂಡ ಹಾಗೆ ಮಾಡಿದೆ.

ಹಾಗಂತ ರೀಡೈರೆಕ್ಟ್ ಬಳಸಲೇಬಾರದು ಅಂತಲ್ಲ. ಅದೇ ವಾರ 107ರವರು ಮೇಂಟೆನೆನ್ಸ್ ಕಟ್ಟಿದ ಬ್ಯಾಂಕ್ ರಸೀದಿಯನ್ನು ಖಜಾಂಚಿಗೆ ಕಳಿಸುವ ಬದಲು ನನಗೆ ಕಳಿಸಿದ್ದರು. ಅದನ್ನೂ ರೀಡೈರೆಕ್ಟ್ ಮಾಡಿದ್ದೆ, ಏನೂ ತೊಂದರೆ ಆಗಲಿಲ್ಲ. ಖಜಾಂಚಿ ನೇರವಾಗಿ 107ಕ್ಕೆ "ಬಂತು" ಅಂತ ಬರೆದರು, ಮೂಲ ದಿನಾಂಕ ಹಾಗೇ ಉಳಿದಿತ್ತು, ನನ್ನ ಮಧ್ಯಸ್ಥಿಕೆ ಬೇಕಾಗಲಿಲ್ಲ. ವಿಳಾಸ ಸರಿಯಾಗಿ ಗೊತ್ತಿದ್ದರೆ ಬರೆದವರು ಈ ವ್ಯಕ್ತಿಗೇ ಬರೆಯುತ್ತಿದ್ದರಾ? 107ರ ವಿಷಯದಲ್ಲಿ ಹೌದು. 302ರ ವಿಷಯದಲ್ಲಿ ಖಂಡಿತ ಇಲ್ಲ. ಕಂಟ್ರಾಕ್ಟರ್ ಯಾರು ಅಂತ ಗೊತ್ತಿದ್ದೂ ಮೇಡಂ ನನಗೆ ಬರೆದಿದ್ದರು.

ಇನ್ನೊಂದು ತಾಂತ್ರಿಕ ಮಾತು. ರೀಡೈರೆಕ್ಟ್ ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ. ಜಿಮೇಲ್‌ನ ವೆಬ್ ಪುಟದಲ್ಲಿ ಒಂದೊಂದು ಮೇಲ್‌ಗೆ ಅಂಥ ಬಟನ್ ಇಲ್ಲ. ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಖಾತೆ ಇಟ್ಟುಕೊಂಡು ಅದೇ ಆ್ಯಡ್‌ಆನ್‌ನಿಂದ ರೀಡೈರೆಕ್ಟ್ ಮಾಡಿದರೆ, ಜಿಮೇಲ್‌ನ ಸರ್ವರ್ ಕಳಿಸಿದವರ ಜಾಗಕ್ಕೆ ನಿಮ್ಮ ವಿಳಾಸವನ್ನೇ ಹಾಕಿಬಿಡುತ್ತದೆ. ನಮ್ಮ ಹೋಸ್ಟಿಂಗ್‌ನ ಸರ್ವರ್ ಹಾಗೆ ಮಾಡದ ಕಾರಣ ಮೂಲ ಹೆಸರು ಉಳಿಯಿತು. ತಲುಪಿದ್ದಕ್ಕೂ ಕಾರಣ ಇದೆ. ಮೇಡಂ ಮೇಲ್‌ಗೆ ಅವರ ಮೇಲ್ ಕಂಪನಿ ಹಾಕಿದ್ದ ಡಿಕೆಐಎಂ ಸಹಿ ಇತ್ತು, ಮೇಲ್ ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸುವ ಗುರುತು ಅದು. ಒಳಗಿನದು ಒಂದಕ್ಷರವೂ ಬದಲಾಗದ ಕಾರಣ ಸಹಿ ಒಡೆಯಲಿಲ್ಲ. ನಮ್ಮ ಸರ್ವರ್ ಕೊನೆಯಲ್ಲಿ "ವೈರಸ್ ಪರೀಕ್ಷೆ ಆಗಿದೆ" ಅನ್ನುವಂಥ ಸಾಲು ಸೇರಿಸಿದ್ದರೂ ಸಾಕಿತ್ತು, ಸಹಿ ಒಡೆದು ಮೇಲ್ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಇತ್ತು. ಅವತ್ತು ಹಾಗೆ ಆಗಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ವಾಪಸ್ ತೆಗೆದುಕೊಳ್ಳುವ ಪ್ರಯತ್ನ

ಶುಕ್ರವಾರ ಬೆಳಿಗ್ಗೆ ಕಂಟ್ರಾಕ್ಟರ್ ಆಫೀಸಿಗೇ ಹೋದೆ. ಅವರು ಎರಡೂ ಮೇಲ್ ಅಳಿಸಿದರು, ಟ್ರ್ಯಾಷ್ ಕೂಡ ಖಾಲಿ ಮಾಡಿದರು. ವಾಟ್ಸಾಪ್ ಗುಂಪಿನಲ್ಲಿದ್ದ ಪಿಡಿಎಫ್ ಉಳಿದಿತ್ತು. ಎಲ್ಲರಿಗೂ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನ ಇರುತ್ತದೆ. ಮಂಗಳವಾರ ಬೆಳಿಗ್ಗೆಯೇ ಹಾಕಿದ್ದರಿಂದ ಆ ಸಮಯ ಗುರುವಾರ ರಾತ್ರಿಯೇ ಮುಗಿದಿತ್ತು. ಗುಂಪಿನಲ್ಲಿ ಏಳು ಜನ. ಆರು ಜನ ನಮ್ಮೆದುರಿಗೇ ಅಳಿಸಿದರು. ಒಬ್ಬ ಹುಡುಗ ಕೆಲಸ ಬಿಟ್ಟು ಊರಿಗೆ ಹೋಗಿದ್ದ.

202ರವರಿಗೆ ವಿಷಯ ಆಗಲೇ ತಿಳಿದಿತ್ತು. ಸೀಲಿಂಗ್ ಅಳತೆ ತೆಗೆಯಲು ಬುಧವಾರ ಬಂದಿದ್ದ ಪ್ಲಂಬರ್ "ಮೇಲಿನ ಮನೆ ಯಜಮಾನರಿಗೆ ಸ್ಟ್ರೋಕ್ ಅಂತೆ" ಅಂದಿದ್ದ. "ಹೇಳಬೇಡಿ" ಅಂತ ಮೇಡಂ ಬರೆಯುವ ಮೊದಲೇ.

ಕಮಿಟಿಯಲ್ಲಿ ಒಬ್ಬರು, "ನಮ್ಮನಮ್ಮಲ್ಲೇ ತಾನೇ, ಇದಕ್ಕೆಲ್ಲ ಕಾನೂನು ಎಲ್ಲಿ ಬರುತ್ತೆ" ಅಂದರು. ಅದು ಪೂರ್ತಿ ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಯನ್ನು ಹೊರಗಿಟ್ಟಿದೆ, ನಿಜ. ಅಕ್ಕನ ಮೇಲ್ ಅನ್ನು ತಂಗಿಗೆ ಕಳಿಸಿದರೆ ಆ ವಿನಾಯಿತಿ ಇದೆ. ಕಾರ್ಯದರ್ಶಿಯಾಗಿ ಸಂಘದ ವಿಳಾಸದಿಂದ ಕಳಿಸಿದ್ದನ್ನು ಮನೆಯ ಕೆಲಸ ಅನ್ನುವುದು ಕಷ್ಟ. ಒಬ್ಬರು ತಾವಾಗಿ ಒಂದು ಕೆಲಸಕ್ಕೆ ಅಂತ ಕೊಟ್ಟ ಮಾಹಿತಿಯನ್ನು ಆ ಕೆಲಸಕ್ಕೆ ಬಳಸಬಹುದು ಅನ್ನುತ್ತದೆ ಕಾಯ್ದೆ. ಬಾತ್‌ರೂಮ್ ರಿಪೇರಿಗೆ ಮಾತ್ರೆಗಳ ಪಟ್ಟಿ ಬೇಕಾಗಿರಲಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಮೇಡಂ ದೂರು ಕೊಡುವ ಮಾತೇ ಆಡಲಿಲ್ಲ.

ಯಾರೂ ಒತ್ತದ ರೀಡೈರೆಕ್ಟ್

ಮೇಲ್‌ಗಳು ಇನ್ನೆಲ್ಲಿಗೆಲ್ಲ ಹೋಗುತ್ತವೆ ನೋಡೋಣ ಅಂತ ಆ ವಾರಾಂತ್ಯ ನಮ್ಮ ಡೊಮೈನ್‌ನ ಮೇಲ್ ಸೆಟ್ಟಿಂಗ್‌ಗಳೆಲ್ಲ ಇರುವ, ಹೋಸ್ಟಿಂಗ್‌ನ ಸಿಪ್ಯಾನೆಲ್ ಪುಟ ತೆರೆದೆ. `Forwarders` ಅನ್ನುವ ಪುಟದಲ್ಲಿ ಒಂದು ಸಾಲಿತ್ತು: ಸಂಘದ ವಿಳಾಸಕ್ಕೆ ಬರುವ ಪ್ರತಿ ಮೇಲ್‌ನ ಪ್ರತಿ, ಮೂರು ವರ್ಷದ ಹಿಂದೆ ಮನೆ ಮಾರಿ ಹೋದ ಹಳೆಯ ಕಾರ್ಯದರ್ಶಿಯ ಸ್ವಂತ ವಿಳಾಸಕ್ಕೆ. ಅವರು ಬೇಕಂತ ಇಟ್ಟುಕೊಂಡದ್ದಲ್ಲ, ತೆಗೆಯಲು ಮರೆತದ್ದು. ಆ ಮೇಲ್‌ಗಳನ್ನು ಅವರು ತೆರೆದೂ ನೋಡುತ್ತಿರಲಿಲ್ಲವಂತೆ. ಆದರೂ 302ರ ಎರಡೂ ಮೇಲ್ ಅಲ್ಲಿಗೂ ಹೋಗಿದ್ದವು.

ಹೆಸರು ಫಾರ್ವರ್ಡ್ ಅಂತಿದ್ದರೂ ಇದು ನಡೆದುಕೊಳ್ಳುವುದು ರೀಡೈರೆಕ್ಟ್ ಹಾಗೆ. ಮೂಲ ಬರೆದವರ ಹೆಸರಿನಲ್ಲೇ ಮೇಲ್ ಹೋಗುತ್ತದೆ. ಕೆಲಸ ಸರ್ವರ್‌ನಲ್ಲೇ ನಡೆಯುವುದರಿಂದ ನಮ್ಮ ಸೆಂಟ್ ಫೋಲ್ಡರ್‌ನಲ್ಲಿ ಗುರುತು ಇರುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೂ ನಿಲ್ಲುವುದಿಲ್ಲ. ಪ್ರತಿ ಸಲ ಕಾರ್ಯದರ್ಶಿ ಬದಲಾದಾಗ ನಾವು ಪಾಸ್‌ವರ್ಡ್ ಬದಲಿಸಿ ನಿಶ್ಚಿಂತೆಯಾಗಿದ್ದೆವು. ಜಿಮೇಲ್ ಬಳಸುವ ಸಂಘಗಳಲ್ಲಿ ಇದು ಇರುವ ಜಾಗ ಸೆಟ್ಟಿಂಗ್ಸ್‌ನ `Forwarding and POP/IMAP`, ಮತ್ತೆ ಫಿಲ್ಟರ್‌ಗಳ ಪಟ್ಟಿ. ಎರಡನ್ನೂ ನೋಡಬೇಕು, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು.

ಕೊನೆಗೆ ಕಳಿಸಬೇಕಿದ್ದ ಮೇಲ್

ಕೆಲಸ ನಡೆಯಲೇಬೇಕಿತ್ತು. ಶನಿವಾರ ಕಂಟ್ರಾಕ್ಟರ್‌ಗೆ ಹೊಸದಾಗಿ ಒಂದು ಮೇಲ್ ಬರೆದೆ. ಫಾರ್ವರ್ಡ್ ಅಲ್ಲ, ರೀಡೈರೆಕ್ಟ್ ಅಲ್ಲ, ಖಾಲಿ ಹಾಳೆಯಿಂದ. ಕಳಿಸುವ ಮೊದಲು ಮೇಡಂಗೆ ಓದಿ ಹೇಳಿದೆ.

"302ರ ಬಾತ್‌ರೂಮ್: ಟ್ರ್ಯಾಪ್ ಹತ್ತಿರ ಟೈಲ್ ಎದ್ದಿದೆ, ಫೋಟೋ ಎರಡು ಇವೆ. ಒಡೆಯುವ ಕೆಲಸ ಬೆಳಿಗ್ಗೆ 9ರ ಮೇಲೆ ಮಾತ್ರ. ಕೆಲಸ ಶುರುವಾಗುವ ಮೊದಲು ಇನ್ನೊಂದು ಬಾತ್‌ರೂಮ್‌ನಲ್ಲಿ ಗೋಡೆಗೆ ಹಿಡಿಕಂಬಿ ಎರಡು ಹಾಕಿಕೊಡಿ. ಏನೇ ಕೇಳುವುದಿದ್ದರೂ ನನಗೆ ಫೋನ್ ಮಾಡಿ."

ಬರೆಯಲು ನಾಲ್ಕು ನಿಮಿಷ ಹಿಡಿಯಿತು. ಹಿಡಿಕಂಬಿ ಯಾಕೆ ಅಂತ ಕಂಟ್ರಾಕ್ಟರ್ ಕೇಳುವ ಅಗತ್ಯವೇ ಇರಲಿಲ್ಲ, ಮಂಗಳವಾರ ಈ ಮೇಲ್ ಹೋಗಿದ್ದರೂ ಕೇಳುತ್ತಿರಲಿಲ್ಲ. ಕಂಬಿ ಬೇಕು ಅನ್ನುವುದು ಕೆಲಸದ ಮಾಹಿತಿ. ಯಾರಿಗೆ, ಯಾಕೆ ಅನ್ನುವುದು ಮನೆಯವರ ಮಾಹಿತಿ. ಮೂಲ ಮೇಲ್‌ನಲ್ಲಿ ಈ ಎರಡೂ ಒಂದೇ ವಾಕ್ಯದಲ್ಲಿ ಇದ್ದವು. ಬಿಡಿಸಿ ಬರೆಯುವುದು ನನ್ನ ಕೆಲಸವಾಗಿತ್ತು.

ನೆಲದ ಕೆಲಸ ಐದನೇ ದಿನಕ್ಕೆ ಮುಗಿಯಿತು. 24 ಗಂಟೆ ನೀರು ನಿಲ್ಲಿಸಿದರೂ 202ರ ಸೀಲಿಂಗ್ ಒಣಗಿಯೇ ಇತ್ತು.

ಮುಂದಿನ ತಿಂಗಳು 302ರಿಂದ ಒಂದು ಮೇಲ್ ಬಂತು. "ಮೇಂಟೆನೆನ್ಸ್ ಒಂದು ಕಂತು ಕಟ್ಟಿದ್ದೇನೆ. ಇನ್ನೊಂದಕ್ಕೆ ಸಮಯ ಬೇಕು." ಅಪ್ಪ ಹೇಗಿದ್ದಾರೆ ಅಂತ ಅದರಲ್ಲಿ ಏನೂ ಬರೆದಿರಲಿಲ್ಲ.